ಹದಿನಾರು ಕೋಣೆಗಳ ತಪ್ಪು ಚಿತ್ರ

8086 ಪ್ರೊಸೆಸರಿನ ಪಾಠ ನಡೆಯುವಾಗ ಕಪ್ಪುಹಲಗೆಯ ಮೇಲೆ ಹಲವೊಮ್ಮೆ ಒಂದು ಚಿತ್ರ ಕಾಣಿಸಿಕೊಳ್ಳುತ್ತದೆ. ಒಂದು ಮೆಗಾಬೈಟ್ ಸ್ಮೃತಿಯನ್ನು 64 ಕಿಲೋಬೈಟ್‌ಗಳ ಹದಿನಾರು ಕೋಣೆಗಳಾಗಿ ಭಾಗಿಸಿ, ಸೆಗ್ಮೆಂಟ್ ಎಂದರೆ ಕೋಣೆಯ ಸಂಖ್ಯೆ, ಆಫ್‌ಸೆಟ್ ಎಂದರೆ ಕೋಣೆಯೊಳಗಿನ ಸ್ಥಾನ ಎನ್ನಲಾಗುತ್ತದೆ. ನೆನಪಿಡಲು ಸುಲಭ, ಆದರೆ ಚಿತ್ರ ತಪ್ಪು.

ಲೆಕ್ಕವನ್ನು ನೀವೇ ಮಾಡಿ ನೋಡಿ. 1978ರಲ್ಲಿ ಇಂಟೆಲ್ ಹೊರತಂದ ಈ ಪ್ರೊಸೆಸರಿನ ರಿಜಿಸ್ಟರುಗಳು 16 ಬಿಟ್‌ನವು. ವಿಳಾಸಕ್ಕೆ ಬೇಕಾದದ್ದು 20 ಬಿಟ್. ಆದ್ದರಿಂದ ಅದು ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ಟನ್ನು ಕೂಡುತ್ತದೆ. ಹೆಕ್ಸಾಡೆಸಿಮಲ್‌ನಲ್ಲಿ ಹೀಗೆ ಗುಣಿಸುವುದೆಂದರೆ ಬಲಕ್ಕೊಂದು ಸೊನ್ನೆ ಬರೆಯುವುದು, ಅಷ್ಟೆ. 1234:0005 ಎಂದರೆ 12340 + 0005, ಅಂದರೆ 12345. ಇನ್ನು 1000:2345 ಎಂದರೆ 10000 + 2345, ಅದೂ 12345! ಈ ಒಂದೇ ಬೈಟ್‌ಗೆ ಒಟ್ಟು 4096 ಜೋಡಿ ವಿಳಾಸಗಳಿವೆ. ಕೋಣೆಗಳಿದ್ದಿದ್ದರೆ ಒಂದೇ ಇರಬೇಕಿತ್ತು. ಸೆಗ್ಮೆಂಟ್ ಸಂಖ್ಯೆ ಒಂದು ಹೆಚ್ಚಿದರೆ ಆರಂಭ ಬಿಂದು ಸರಿಯುವುದು 16 ಬೈಟ್ ಮಾತ್ರ. ಹೀಗಾಗಿ ಎರಡು ವಿಳಾಸಗಳು ಒಂದೆಯೇ ಎಂದು ತಿಳಿಯಲು ಜೋಡಿಗಳನ್ನು ಹೋಲಿಸಿದರೆ ಸಾಲದು, 20 ಬಿಟ್‌ಗಳ ಮೊತ್ತವನ್ನೇ ಹೋಲಿಸಬೇಕು.

ಕೋಣೆಯ ಚಿತ್ರವನ್ನು ನಂಬಿದ ವಿದ್ಯಾರ್ಥಿ ಎಡವುವುದು ದೊಡ್ಡ ದತ್ತಾಂಶವನ್ನು ಓದುವಾಗ:

```
mov ax, 1000h
mov ds, ax
mov si, 0FFFFh
mov al, [si]   ; 1FFFFh
inc si
mov al, [si]   ; 10000h
```

ಎರಡನೆಯ ಓದು 20000ಕ್ಕೆ ಹೋಗಲಿಲ್ಲ. `si` ಸೊನ್ನೆಗೆ ಮರಳಿತು. ಅದರ ದಶಕ ಸೆಗ್ಮೆಂಟಿಗೆ ತಾನಾಗಿ ದಾಟುವುದಿಲ್ಲ. ಬರೆಯುತ್ತಿದ್ದರೆ ದತ್ತಾಂಶದ ಮೊದಲ ಬೈಟುಗಳೇ ಅಳಿಸಿಹೋಗುತ್ತವೆ, ಈ ದೋಷದ ಗುರುತು ಅದೇ. ಆಗ ‘ಮುಂದಿನ ಕೋಣೆ’ ಎಂದು `ds`ಗೆ ಒಂದು ಕೂಡಿದರೆ ಸಿಗುವುದು 1001:0000, ಅಂದರೆ 10010. ಕೂಡಬೇಕಾದದ್ದು `1000h`. ಇನ್ನೊಂದು ಸೂಕ್ಷ್ಮ: `inc` ಆದೇಶ ಕ್ಯಾರಿ ಫ್ಲ್ಯಾಗನ್ನು ಮುಟ್ಟುವುದಿಲ್ಲ. ಆದಕಾರಣ ಇಲ್ಲಿ `jc` ಹಾಕಿ ಕಾದರೆ ಪ್ರಯೋಜನವಿಲ್ಲ, `jz` ಬಳಸಬೇಕು.

ವಿನ್ಯಾಸವನ್ನೇ ದೂರುವವರೂ ಇದ್ದಾರೆ. ನನಗೆ ಅದು ಅರ್ಧ ನ್ಯಾಯವೆನಿಸುತ್ತದೆ. ಪ್ರತಿ 16 ಬೈಟ್‌ಗೊಮ್ಮೆ ಸೆಗ್ಮೆಂಟ್ ಆರಂಭಿಸಬಹುದಾದ್ದರಿಂದ ಎರಡು ಸೆಗ್ಮೆಂಟುಗಳ ನಡುವೆ ಪೋಲಾಗುವುದು ಹೆಚ್ಚೆಂದರೆ 15 ಬೈಟ್; ಸ್ಮೃತಿ ತುಟ್ಟಿಯಾಗಿದ್ದ ಕಾಲಕ್ಕೆ ಅದು ಒಳ್ಳೆಯ ಲೆಕ್ಕ. 64 ಕಿಲೋಬೈಟ್ ದಾಟುವ ದತ್ತಾಂಶದ ಹೊರೆಯನ್ನು ಮಾತ್ರ ಅದು ಪೂರ್ತಿಯಾಗಿ ಪ್ರೋಗ್ರಾಮ್ ಬರೆಯುವವರ ತಲೆಗೆ ಕಟ್ಟಿತು.

ಹಲಗೆಯ ಮೇಲೆ ಕೋಣೆಗಳ ಬದಲು ಒಂದು ಉದ್ದನೆಯ ಪಟ್ಟಿ ಬರೆಯಿರಿ. ಅದರ ಮೇಲೆ 64 ಕಿಲೋಬೈಟ್ ಅಗಲದ ರಟ್ಟಿನ ಕಿಟಕಿಯನ್ನಿಟ್ಟು, 16 ಬೈಟ್‌ಗಳ ಹೆಜ್ಜೆಯಲ್ಲಿ ಸರಿಸಿ ತೋರಿಸಿ.