ಕುಂದಗೋಳದ 634 ಮತ

ಚುನಾವಣೆ ಹತ್ರ ಬಂತಂದ್ರೆ ಸುದ್ದಿಯಲ್ಲಿ ಈ ಸಾಲು ಗ್ಯಾರಂಟಿ: 'ಇಂಥ ಪಕ್ಷ ಶೇ 2ರಷ್ಟು ಮುಂದೆ, ಮಾರ್ಜಿನ್ ಆಫ್ ಎರರ್ ಶೇ 3.' ಆ 3 ಒಂದೊಂದು ಪಕ್ಷದ ಅಂಕಿಗೂ ಬೇರೆ ಬೇರೆಯಾಗಿ ಅನ್ವಯಿಸುತ್ತೆ. ಒಬ್ಬರದು ಏರಿದರೆ ಸಾಮಾನ್ಯವಾಗಿ ಇನ್ನೊಬ್ಬರದು ಇಳಿಯುತ್ತೆ. ಹಾಗಾಗಿ ಇಬ್ಬರ ನಡುವಿನ ಅಂತರದಲ್ಲಿ ಏರುಪೇರು ಸುಮಾರು ದುಪ್ಪಟ್ಟು. 'ಮುಂದೆ' ಅನ್ನೋಕೆ ಆಧಾರ ಎಲ್ಲಿದೆ?

ಅದಕ್ಕಿಂತ ದೊಡ್ಡ ಎಡವಟ್ಟು, ರಾಜ್ಯದ ಲೆಕ್ಕವನ್ನ ಕ್ಷೇತ್ರಕ್ಕೆ ಅಂಟಿಸೋದು. 22,400 ಜನರನ್ನ ಕೇಳಿದ್ದಾರೆ ಅಂತಿಟ್ಟುಕೊಳ್ಳಿ. ಭಾರಿ ಸಂಖ್ಯೆ ಅನಿಸುತ್ತೆ, ಆದರೆ 224 ಕ್ಷೇತ್ರಕ್ಕೆ ಹಂಚಿದರೆ ತಲಾ ನೂರೇ ಜನ. ನೂರು ಜನರ ಮಾತಿಗೆ ಮಾರ್ಜಿನ್ ಸುಮಾರು ಶೇ 10, ಅದೂ ಆ ನೂರು ಮಂದಿಯನ್ನ ಲಾಟರಿ ಎತ್ತಿದಂತೆ ಆರಿಸಿದ್ದರೆ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡೀತಾ ನಿಂತವರನ್ನೇ ಕೇಳಿದರೆ ಆ ಲೆಕ್ಕವೂ ನಿಲ್ಲೋದಿಲ್ಲ. 2018ರಲ್ಲಿ ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ ಗೆದ್ದದ್ದು 634 ಮತದಿಂದ. ಅರ್ಧ ಪರ್ಸೆಂಟೂ ಅಲ್ಲ. ಆದರೂ ನವಲಗುಂದ, ಕಲಘಟಗಿಗೆ ಒಂದೊಂದು ಬಣ್ಣ ಬಳಿದ ನಕ್ಷೆ ಸ್ಕ್ರೀನ್ ಮೇಲೆ ಧಡಾಧಡ್ ಬರ್ತಾವ.

ಇನ್ನು ಮತವನ್ನ ಸೀಟಾಗಿ ಮಾರ್ಪಡಿಸೋ ಲೆಕ್ಕ. ಅದೇ 2018ರಲ್ಲಿ ಶೇ 38 ಮತ ಪಡೆದ ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು, ಶೇ 36 ಪಡೆದ ಬಿಜೆಪಿ 104 ಗೆದ್ದಿತು. ಈ ಹಂತದ ತಪ್ಪು ಸುದ್ದಿಯಲ್ಲಿ ಬರೆದ ಆ ಶೇ 3ರೊಳಗೆ ಇರೋದೇ ಇಲ್ಲ.