ಹುರಿ ಹಾಕಿದ ರೇಷ್ಮೆಗೆ ಯಾವ ಸಂಖ್ಯೆ?

ಬನಾರಸಿನ ಮದನಪುರ, ಪೀಲಿ ಕೋಠಿಗಳ ಮಗ್ಗಗಳಿಗೆ ರೇಷ್ಮೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ನಮ್ಮ ಕರ್ನಾಟಕದ ರೀಲರ್‌ಗಳಿಂದ, ಇನ್ನೊಂದು ಹೊರದೇಶದಿಂದ, ಅದರಲ್ಲೂ ಚೀನಾದಿಂದ. ಎರಡನೆಯದನ್ನು ತರಿಸುವ ವ್ಯಾಪಾರಿ ಹೊಸ ಮಾಲು ಬಂದಾಗಲೆಲ್ಲ ಕಸ್ಟಮ್ಸ್ ಬ್ರೋಕರ್‌ಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಭಾಯ್, ಇದಕ್ಕೆ ಸುಂಕ ಎಷ್ಟು?" ಬ್ರೋಕರ್‌ನನ್ನು ಕೇಳುವುದು ಸರಿಯಾದ ಕ್ರಮವೇ. ಆದರೆ ಈ ರೂಪದಲ್ಲಿ ಕೇಳುವುದನ್ನು ನಾನು ಒಪ್ಪಲಾರೆ. ಸುಂಕ ಎಷ್ಟೆಂಬುದು ಕೊನೆಗೆ ಸಿಗುವ ಉತ್ತರ. ಮೊದಲು ತೀರ್ಮಾನವಾಗಬೇಕಾದದ್ದು ಚೀಲದಲ್ಲಿರುವ ವಸ್ತು ಏನು ಎಂಬುದು.

ವರ್ಷಗಟ್ಟಲೆ ಕಚ್ಚಾ ರೇಷ್ಮೆ ತರಿಸುತ್ತಿದ್ದ ಒಬ್ಬ ವ್ಯಾಪಾರಿ ಈ ಸಲ ಸಿದ್ಧ ಕತಾನ್ ತರಿಸುತ್ತಾನೆ ಎಂದಿಟ್ಟುಕೊಳ್ಳಿ. ಕತಾನ್ ಎಂದರೆ ಎರಡೆಳೆ ಕೂಡಿಸಿ ಹುರಿ ಹಾಕಿದ ರೇಷ್ಮೆ ನೂಲು. ಬನಾರಸಿ ಸೀರೆಯ ಒಂದು ಬಗೆಗೆ ಹೆಸರು ಕೊಟ್ಟದ್ದೇ ಇದು. ಅವನ ಕಣ್ಣಿಗೆ ಇದೂ ರೇಷ್ಮೆಯೇ, ಅದೂ ರೇಷ್ಮೆಯೇ. ಬ್ರೋಕರ್ ಹಳೆಯ ಬಿಲ್ ಆಫ್ ಎಂಟ್ರಿ ತೆಗೆದು ಅದೇ ಸಂಖ್ಯೆಯನ್ನು ಹಾಕಿಬಿಡುತ್ತಾನೆ. ತಪ್ಪು ಹುಟ್ಟುವುದು ಅಲ್ಲೇ. ಸುಂಕ ಪಟ್ಟಿಯ 5002ನೇ ಶೀರ್ಷಿಕೆ ಹುರಿ ಹಾಕದ ಕಚ್ಚಾ ರೇಷ್ಮೆಗೆ ಮಾತ್ರ. ಹುರಿ ಹಾಕಿದ ನೂಲು, ಚಿಲ್ಲರೆ ಮಾರಾಟಕ್ಕೆ ಕಟ್ಟಿದ್ದಲ್ಲದಿದ್ದರೆ, 5004ಕ್ಕೆ ಸೇರುತ್ತದೆ.

2021ರ ಬಜೆಟ್ ಎರಡರ ಮೂಲ ಸುಂಕವನ್ನೂ ಶೇ 10ರಿಂದ 15ಕ್ಕೆ ಏರಿಸಿದ್ದರಿಂದ "ಯಾವುದಾದರೇನು, ದರ ಒಂದೇ" ಎನ್ನುವ ಮಾತು ಹಗುರವಾಗಿ ಬಾಯಿಗೆ ಬರುತ್ತದೆ. ಲೆಕ್ಕ ಹಾಕಿ ನೋಡಿ. ಮಾಲಿನ ಬೆಲೆ 10 ಲಕ್ಷ ರೂಪಾಯಿ. ಮೂಲ ಸುಂಕ 1,50,000. ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆ 15,000. ಇಲ್ಲಿಯವರೆಗೆ ವ್ಯತ್ಯಾಸವಿಲ್ಲ. ಆದರೆ ಕಚ್ಚಾ ರೇಷ್ಮೆಗೆ ಜಿಎಸ್‌ಟಿ ಇಲ್ಲ, ರೇಷ್ಮೆ ನೂಲಿಗೆ ಶೇ 5 ಇದೆ. ಹಾಗಾಗಿ 11,65,000ದ ಮೇಲೆ 58,250 ರೂಪಾಯಿ ಐಜಿಎಸ್‌ಟಿ ಕಟ್ಟಬೇಕು. ನೋಂದಾಯಿತ ವ್ಯಾಪಾರಿಗೆ ಇದು ಮುಂದೆ ಕ್ರೆಡಿಟ್ ಆಗಿ ಹಿಂತಿರುಗಬಹುದು. ಆದರೂ 5002 ಎಂದು ಬರೆದು ಕಟ್ಟದೆ ಬಿಟ್ಟದ್ದು ಬಾಕಿಯೇ. ಅಧಿಕಾರಿಗಳು ಸಾಮಾನ್ಯವಾಗಿ ಎರಡು ವರ್ಷದವರೆಗೆ, ಸತ್ಯ ಮುಚ್ಚಿಟ್ಟರೆಂದು ತೋರಿದರೆ ಐದು ವರ್ಷದವರೆಗೆ ಹಿಂದಕ್ಕೆ ಹೋಗಿ ಬಡ್ಡಿ ಸಮೇತ ಕೇಳಬಹುದು. ಆಗ ಉತ್ತರ ಕೊಡಬೇಕಾದವನು ಆಮದುದಾರ, ಏಕೆಂದರೆ ಕಾನೂನು ಸುಂಕ ನಿರ್ಧಾರದ ಹೊಣೆಯನ್ನು ಮೊದಲು ಅವನ ಹೆಗಲಿಗೇ ಹಾಕಿದೆ. ಬ್ರೋಕರ್‌ಗೆ 2018ರ ಪರವಾನಗಿ ನಿಯಮಗಳ ಪ್ರಕಾರ ಸರಿಯಾದ ಸಲಹೆ ಕೊಡುವ, ಮಾಹಿತಿ ನಿಜವೇ ಎಂದು ಎಚ್ಚರದಿಂದ ನೋಡುವ ಕರ್ತವ್ಯವಿದೆ; ಆದರೆ ಅವನ ಬಾಯಿಮಾತು ಆಮದುದಾರನಿಗೆ ರಕ್ಷಣೆಯಲ್ಲ.

ಹಾಗಾದರೆ ಏನನ್ನು ಕೇಳಬೇಕು? ಲಡಿಯಿಂದ ಒಂದಿಷ್ಟು ನೂಲನ್ನು ಕಳಿಸಿ, ಡೆನಿಯರ್, ಎಳೆಗಳ ಸಂಖ್ಯೆ, ಮೀಟರಿಗೆ ಎಷ್ಟು ಹುರಿ, ಯಾವ ದಿಕ್ಕಿಗೆ ಎಂಬುದನ್ನು ಮಾರಾಟಗಾರನಿಂದ ಬರೆಸಿಕೊಂಡು, ಅದನ್ನೆಲ್ಲ ಬ್ರೋಕರ್ ಮುಂದಿಟ್ಟು, "ಇದು ಯಾವ ಶೀರ್ಷಿಕೆ, ಏಕೆ, ಯಾವುದು ಅಲ್ಲ?" ಎಂದು ಕೇಳಬೇಕು. "ಏಕೆ" ಎನ್ನುವುದೇ ಇಲ್ಲಿ ಮುಖ್ಯ. ಗೂಡಿನಿಂದ ನೂಲು ಬಿಚ್ಚುವಾಗಲೂ ಎಳೆಗೆ ಅಲ್ಪಸ್ವಲ್ಪ ತಿರುಚು ಬೀಳುತ್ತದೆ. ಅಷ್ಟರಿಂದ ಅದು 5004 ಆಗುವುದಿಲ್ಲ. ಎಳೆಗಳನ್ನು ಕೂಡಿಸಿ ಬೇಕೆಂದೇ ಹುರಿ ಹಾಕಿದ್ದು ಬೇರೆ. ಬೆರಳಲ್ಲಿ ಹಿಡಿದು ಹಿಂದಕ್ಕೆ ತಿರುವಿದರೆ ಕತಾನ್ ಎರಡಾಗಿ ಬಿಚ್ಚಿಕೊಳ್ಳುತ್ತದೆ. ನಿಖರವಾಗಿ ಬೇಕಾದರೆ ಹುರಿ ಎಣಿಸುವ ಯಂತ್ರವಿದೆ. ಮಾರಾಟಗಾರ ಇನ್‌ವಾಯ್ಸಿನಲ್ಲಿ "ರಾ ಸಿಲ್ಕ್ ಯಾರ್ನ್" ಎಂದು ಎರಡೂ ಪದ ಕಲಸಿ ಬರೆದಿದ್ದರೆ ಬ್ರೋಕರ್ ಅಲ್ಲೇ ನಿಲ್ಲಬೇಕು. ನಿಲ್ಲದವನು ಒಳ್ಳೆಯ ಬ್ರೋಕರ್ ಅಲ್ಲ.

2020ರಿಂದ ಮುಖರಹಿತ ಮೌಲ್ಯಮಾಪನ ಬಂದ ಮೇಲೆ ಈ ಬರವಣಿಗೆಯ ತೂಕ ಹೆಚ್ಚಿದೆ. ಮಾಲು ಒಂದು ಬಂದರಿನಲ್ಲಿರುತ್ತದೆ, ಅದರ ಕಾಗದ ನೋಡುವ ಅಧಿಕಾರಿ ಬೇರೊಂದು ಊರಿನಲ್ಲಿರುತ್ತಾನೆ. ಅವನಿಗೆ ಕಾಣುವುದು ವಿವರಣೆಯ ಸಾಲುಗಳಷ್ಟೇ. ಬನಾರಸಿನ ಅಂಗಡಿಯಲ್ಲಿ ಕೈಗೆ ಸ್ಪಷ್ಟವಾಗುವ ಹುರಿ ಕಾಗದದಲ್ಲಿ ಇಲ್ಲದಿದ್ದರೆ ಅವನ ಪಾಲಿಗೆ ಅದು ಇಲ್ಲವೇ ಇಲ್ಲ.

ಬ್ರೋಕರ್‌ನ ಅಭಿಪ್ರಾಯ ಎಷ್ಟು ಚೆನ್ನಾಗಿದ್ದರೂ ಇಲಾಖೆಯನ್ನು ಕಟ್ಟಿಹಾಕದು. ಆ ಬಲವಿರುವುದು ಮುಂಗಡ ತೀರ್ಪಿಗೆ: ದೆಹಲಿ ಅಥವಾ ಮುಂಬೈನ ಪ್ರಾಧಿಕಾರಕ್ಕೆ 10,000 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಮೂರು ತಿಂಗಳೊಳಗೆ ತೀರ್ಪು ಬರಬೇಕು. ತಿಂಗಳು ತಿಂಗಳು ಅದೇ ನೂಲು ತರಿಸುವವನಿಗೆ ಇದು ಯೋಗ್ಯ. ಒಂದೇ ಸಲದ ಸಣ್ಣ ಮಾಲಿಗೆ ಅಷ್ಟು ಕಾಯುವುದು ವ್ಯರ್ಥ. ಅಂಥವನು ತಾತ್ಕಾಲಿಕ ಮೌಲ್ಯಮಾಪನ ಕೇಳಿ, ಬಾಂಡ್ ಬರೆದುಕೊಟ್ಟು, ಮಾದರಿಯನ್ನು ಪ್ರಯೋಗಾಲಯಕ್ಕೆ ಬಿಟ್ಟು ಮಾಲನ್ನು ಬಿಡಿಸಿಕೊಳ್ಳಬಹುದು. ವರದಿ ಬಂದ ಮೇಲೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಈ ದಾರಿಯಿದೆ ಎಂದು ಹೇಳಬೇಕಾದವನೂ ಬ್ರೋಕರ್‌ನೇ, ಅದೂ ಮಾಲು ಹಡಗು ಹತ್ತುವ ಮೊದಲೇ.