ತಲೆಯ ಹಿಂದೆ ಸಿಕ್ಕಿಕೊಂಡ ಒತ್ತಕ್ಷರ

ನಲ್ಲಂಪಳ್ಳಿ ಕಡೆಯ ಒಂದು ಯುಗಾದಿ ಕಾರ್ಯಕ್ರಮಕ್ಕೆ ಮಾಡಿದ ಪೋಸ್ಟರು ನನ್ನ ಮುಂದಿದೆ. ತಮಿಳಿನಲ್ಲೊಂದು, ಕನ್ನಡದಲ್ಲೊಂದು. ಎರಡೂ ಕ್ಯಾನ್ವಾದಲ್ಲಿ ಒಂದೇ ವಿನ್ಯಾಸದ ಎರಡು ಪುಟಗಳು. ಹಳದಿ ನೆಲ, ನಡುವೆ ದೊಡ್ಡ ಕೆಂಪು ವೃತ್ತ, ಅದರ ಮೇಲೆ ಪುಟದ ಅಗಲಕ್ಕೂ ಹರಡಿದ ಊರಿನ ಹೆಸರು, ಹೆಸರಿನ ಮೇಲೆ ಬೀಸು ಕಂಸಾಳೆ ಕಲಾವಿದನೊಬ್ಬನ ಕಟೌಟು, ಅಡಿಯಲ್ಲಿ ದಿನ ಮತ್ತು ಸ್ಥಳ ಬರೆದ ಹಸಿರು ಪಟ್ಟಿ. ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರಿದು. ಮನೆಯಲ್ಲಿ ಕನ್ನಡ ಆಡುವವರು ಈ ಸೀಮೆಯಲ್ಲಿದ್ದಾರೆ. ಮಾದಪ್ಪನ ಬೆಟ್ಟವೂ ದೂರವೇನಲ್ಲ. ಹಾಗಾಗಿ ಕಂಸಾಳೆಯವನನ್ನು ಪೋಸ್ಟರಿನ ನಡುವೆ ನಿಲ್ಲಿಸಿದ್ದು ಸರಿಯಾಗಿಯೇ ಇದೆ.

ತಮಿಳು ಪುಟ ಚೆನ್ನಾಗಿದೆ. ಕನ್ನಡ ಪುಟ ಕೆಟ್ಟಿದೆ. ಬಣ್ಣ, ವೃತ್ತ, ಮನುಷ್ಯ ಎಲ್ಲ ಅವೇ ಆಗಿದ್ದೂ ಒಂದು ಗೆದ್ದು ಇನ್ನೊಂದು ಸೋತದ್ದು ಏಕೆ ಎಂಬುದೇ ಇಲ್ಲಿ ನೋಡಬೇಕಾದದ್ದು.

ಮೊದಲು ಗೆದ್ದದ್ದನ್ನು ಹೇಳಿಬಿಡುತ್ತೇನೆ. ಹಳದಿಯ ಮೇಲೆ ಕೆಂಪು ವೃತ್ತ ಒಂದೇ ಇದ್ದರೆ ಅದು ಬರೀ ಆಕಾರ. ಅದರ ಅಂಚನ್ನು ದಾಟಿ ಕಲಾವಿದನ ಎತ್ತಿದ ಕೈ, ಕೈಯಿಂದ ಬೀಸಿದ ಕಂಚಿನ ತಾಳ ಹೊರಗೆ ಬಂದ ಕೂಡಲೇ ಮುಂದೆ ಯಾವುದು, ಹಿಂದೆ ಯಾವುದು ಎಂದು ಕಣ್ಣಿಗೆ ತಿಳಿಯುತ್ತದೆ. ನೆರಳು ಹಾಕುವ ಅಗತ್ಯವೂ ಬೀಳುವುದಿಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಕೈಯಿಂದ ಬಿಡಿಸಿದ ಕಟೌಟುಗಳ ಗುಟ್ಟೂ ಇದೇ: ನಾಯಕನ ತಲೆ ಬೋರ್ಡಿನ ಚೌಕಟ್ಟು ಮೀರಿ ಆಕಾಶಕ್ಕೆ ಹೋಗಬೇಕು. ಈ ಪೋಸ್ಟರು ಮಾಡಿದವರಿಗೆ ಆ ಅಂದಾಜು ಚೆನ್ನಾಗಿ ಗೊತ್ತಿದೆ. ಕಾಲುಗಳ ವಿಷಯದಲ್ಲೂ ಜಾಣತನವಿದೆ. ಮೂಲ ಫೋಟೋ ಮೊಣಕಾಲಿಗೇ ಮುಗಿದಿರಬೇಕು. ಆ ಕತ್ತರಿಸಿದ ಅಂಚು ಕಾಣದ ಹಾಗೆ ಹಸಿರು ಪಟ್ಟಿಯನ್ನು ಕಟೌಟಿನ ಮೇಲಿನ ಪದರಕ್ಕೆ ತಂದಿದ್ದಾರೆ. ಹಾಗೆ ಮಾಡದ ನೂರಾರು ಪೋಸ್ಟರುಗಳಲ್ಲಿ ಅರ್ಧ ದೇಹದ ಜನ ಗಾಳಿಯಲ್ಲಿ ತೇಲುತ್ತಿರುತ್ತಾರೆ.

ಇನ್ನು ಹೆಸರಿಗೆ ಬರೋಣ. ಅಕ್ಷರದ ಮೇಲೆ ತಲೆ ಬರುವಂತೆ ಮಾಡುವುದು ಈಗ ಎಲ್ಲರೂ ಕಲಿತಿರುವ ಪಟ್ಟು. ಫೋಟೋ ಹಾಕಿ, `BG Remover` ಒತ್ತಿ ಹಿನ್ನೆಲೆ ತೆಗೆದು, `Position` ಒಳಗಿನ `Layers` ಪಟ್ಟಿಯಲ್ಲಿ ಕಟೌಟನ್ನು ಎಳೆದು ಶೀರ್ಷಿಕೆಯ ಮೇಲಿಟ್ಟರೆ ಮುಗಿಯಿತು. ಈ ಪಟ್ಟನ್ನು ಕಲಿಸುವ ಮಾದರಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ದೊಡ್ಡಕ್ಷರದವು. ಆ ಅಕ್ಷರಗಳ ಕೆಳಗಿನ ಮೂರನೇ ಒಂದು ಭಾಗ ಮುಚ್ಚಿದರೂ ಮೇಲಿನ ಭಾಗದಿಂದ ಓದು ಸಾಗುತ್ತದೆ. ಮನುಷ್ಯನ ತಲೆ ಯಾವಾಗಲೂ ಕೆಳಗಿನಿಂದಲೇ ಏರಿ ಬರುತ್ತದೆ, ಮುಚ್ಚುವುದೂ ಅಕ್ಷರದ ಕಾಲನ್ನೇ. ಹಾಗಾಗಿ ಇಂಗ್ಲಿಷಿನಲ್ಲಿ ಇದು ಅಪಾಯವಿಲ್ಲದ ಆಟ.

ಕನ್ನಡದಲ್ಲಿ ಅಕ್ಷರದ ಕಾಲಬುಡದಲ್ಲಿ ಒತ್ತು ಕುಳಿತಿರುತ್ತದೆ. ‘ನಲ್ಲಂಪಳ್ಳಿ’ ಎಂಬ ಹೆಸರನ್ನೇ ನೋಡಿ. ಎರಡನೆಯ ಅಕ್ಷರಕ್ಕೊಂದು ಲ ಒತ್ತು, ಕೊನೆಯ ಅಕ್ಷರಕ್ಕೊಂದು ಳ ಒತ್ತು. ಈ ಪೋಸ್ಟರಿನಲ್ಲಿ ಕಲಾವಿದನ ಪೇಟ ಸರಿಯಾಗಿ ‘ಲ್ಲಂ’ ಕೆಳಗೆ ಬಂದು ಕೂತಿದೆ. ಎತ್ತಿದ ಮೊಣಕೈ ‘ಳ್ಳಿ’ಯ ಬುಡವನ್ನು ತಿಂದಿದೆ. ಉಳಿದದ್ದು ‘ನಲಂಪಳಿ’. ಅಕ್ಷರ ಅರ್ಧ ಮುಚ್ಚಿದೆ ಎಂದು ಓದುಗನಿಗೆ ಗೊತ್ತಾಗುವಂತಿದ್ದರೆ ಅವನೇ ತುಂಬಿಕೊಂಡು ಓದುತ್ತಿದ್ದ. ಇಲ್ಲಿ ಹಾಗಿಲ್ಲ. ಒತ್ತು ಪೂರ್ತಿಯಾಗಿ ಮರೆಯಾಗಿ, ಮೇಲಿನ ಅಕ್ಷರ ಪೂರ್ತಿಯಾಗಿ ಉಳಿದಿದೆ. ಮುಚ್ಚಿದ್ದರ ಗುರುತೇ ಇಲ್ಲದೆ ಹೆಸರು ಬೇರೆಯಾಗಿಬಿಟ್ಟಿದೆ.

ತಮಿಳಿನಲ್ಲಿ ಇದೇ ಹೆಸರು ಇದೇ ತಲೆಯ ಹಿಂದೆ ಸುರಕ್ಷಿತವಾಗಿದೆ. ಅಲ್ಲಿ ಒತ್ತಕ್ಷರವಿಲ್ಲ. ಎರಡು ಲಕಾರಗಳು ಒಂದೇ ಸಾಲಿನಲ್ಲಿ ಪಕ್ಕಪಕ್ಕ ನಿಲ್ಲುತ್ತವೆ, ಮೊದಲನೆಯದರ ನೆತ್ತಿಯ ಮೇಲೆ ಒಂದು ಚುಕ್ಕೆ. ಕೆಳಗಿನ ಮೂರನೇ ಒಂದು ಭಾಗ ಹೋದರೂ ಚುಕ್ಕೆಯೂ ಉಳಿಯುತ್ತದೆ, ಕೊನೆಯ ಅಕ್ಷರದ ಮೇಲಿನ ಇಕಾರದ ಕೊಕ್ಕೆಯೂ ಉಳಿಯುತ್ತದೆ. ತಮಿಳಿನಲ್ಲೂ ಕೆಲವು ಅಕ್ಷರಗಳ ಉಕಾರ ಕೆಳಕ್ಕೆ ಇಳಿಯುತ್ತದೆ, ಆದರೆ ಈ ಹೆಸರಿನಲ್ಲಿ ಅಂಥದ್ದು ಇಲ್ಲ. ಮಾಡಿದವರು ಮೊದಲು ತಮಿಳು ಪುಟ ಮುಗಿಸಿ, ಅದರ ನಕಲು ತೆಗೆದು ಅಕ್ಷರ ಮಾತ್ರ ಬದಲಿಸಿದ್ದಾರೆಂಬುದು ನನ್ನ ಊಹೆ. ಕಟೌಟು ಎರಡೂ ಪುಟದಲ್ಲಿ ಕೂದಲೆಳೆಯಷ್ಟೂ ಸರಿದಿಲ್ಲ.

ಇಷ್ಟಕ್ಕೆ ರಗಳೆ ಏಕೆ, ಊರಿನವರಿಗೆ ಊರಿನ ಹೆಸರು ಗೊತ್ತಿಲ್ಲವೇ ಎನ್ನಬಹುದು. ಗೊತ್ತಿದೆ. ಆದರೆ ಕನ್ನಡ ಪುಟವನ್ನು ಯಾರಿಗಾಗಿ ಮಾಡಿದ್ದು? ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಬೆಳೆದ ಮಕ್ಕಳಿಗೆ ಶಾಲೆಯಲ್ಲಿ ಕೈಗೆ ಹತ್ತಿದ ಲಿಪಿ ತಮಿಳು. ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವ ಹುಡುಗನಿಗೆ ಒತ್ತು ಕಾಣಿಸದಿದ್ದರೆ ಊಹಿಸಿಕೊಳ್ಳುವ ರೂಢಿ ಇರುವುದಿಲ್ಲ. ಅವನು ಕಂಡದ್ದನ್ನು ಕಂಡಂತೆಯೇ ಓದುತ್ತಾನೆ.

ಹಾಗಾದರೆ ತಲೆಯನ್ನು ಅಕ್ಷರದಿಂದ ಪೂರ್ತಿ ದೂರ ಇಡಬೇಕೇ? ಬೇಡ. ಈ ಪೋಸ್ಟರನ್ನೇ ತಿದ್ದಿ ನೋಡೋಣ. ಕಟೌಟನ್ನು ಒಮ್ಮೆ ನಕಲು ಮಾಡಿ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಲಿ. ಕೆಳಗಿನದನ್ನು ಶೀರ್ಷಿಕೆಯ ಕೆಳಗಿನ ಪದರಕ್ಕೆ ಇಳಿಸಿ. ಈಗ ಅಕ್ಷರ ಪೇಟದ ಮುಂದೆ ಬರುತ್ತದೆ, ಒತ್ತುಗಳೆಲ್ಲ ಕಾಣುತ್ತವೆ. ಮೇಲಿನ ನಕಲನ್ನು ಶೀರ್ಷಿಕೆಯ ಮೇಲೆಯೇ ಬಿಟ್ಟು, ಮುಂಗೈ ಮತ್ತು ತಾಳ ಇರುವಷ್ಟು ಭಾಗ ಉಳಿಯುವಂತೆ ಕ್ರಾಪ್ ಮಾಡಿ. ಕ್ರಾಪ್ ಚೌಕಾಕಾರದ್ದೇ ಆದರೂ ಸುತ್ತಲಿನದು ಪಾರದರ್ಶಕವಾದ್ದರಿಂದ ಚೌಕ ಕಾಣುವುದಿಲ್ಲ. ಮೊಣಕೈಯನ್ನು ಈ ಮೇಲಿನ ತುಂಡಿನಲ್ಲಿ ಸೇರಿಸಬಾರದು, ಅದು ‘ಳ್ಳಿ’ಯ ಕಳ್ಳ. ಮುಂಗೈ ಮಾತ್ರ ‘ಪ’ ಮತ್ತು ‘ಳ್ಳಿ’ಯ ನಡುವಿನ ಸಂದಿನಲ್ಲಿ ಅಕ್ಷರವನ್ನು ಚೂರು ತಾಗಿ ಮೇಲೆ ಹೋದರೆ ಸಾಕು. ತಲೆ ಹಿಂದೆ, ಕೈ ಮುಂದೆ; ಮನುಷ್ಯ ಅಕ್ಷರಗಳ ನಡುವೆ ನುಸುಳಿ ಬಂದ ಹಾಗಾಗುತ್ತದೆ. ಮೊದಲಿನದಕ್ಕಿಂತ ಇದರಲ್ಲೇ ಆಳ ಹೆಚ್ಚು. ಪೇಟವೂ ಅಕ್ಷರವೂ ಒಂದೇ ಗಾಢ ಬಣ್ಣವಾದರೆ ಮಾತ್ರ ತೊಡಕು. ಆಗ ಅಕ್ಷರಕ್ಕೆ ಹಳದಿ ಅಂಚು ಕೊಡಬೇಕಾಗುತ್ತದೆ.

ಒಂದು ಸಣ್ಣ ಕಿರಿಕಿರಿ ಇಲ್ಲಿ ಎದುರಾಗುತ್ತದೆ. ಹಿನ್ನೆಲೆ ತೆಗೆದ ಮೇಲೂ ಫೋಟೋದ ಹಳೆಯ ಚೌಕಟ್ಟು ಕಾಣದೆ ಹಾಗೆಯೇ ಉಳಿದಿರುತ್ತದೆ. ಅಕ್ಷರದ ಮೇಲೆ ಒತ್ತಿದರೆ ಕಟೌಟೇ ಸಿಕ್ಕಿಕೊಳ್ಳುತ್ತದೆ, ನಡುವಿಗೆ ಜೋಡಿಸಿದರೆ ಮನುಷ್ಯನ ಬದಲು ಆ ಖಾಲಿ ಚೌಕಟ್ಟು ನಡುವಿಗೆ ಬರುತ್ತದೆ. ಈ ಎರಡೂ ಪುಟಗಳಲ್ಲಿ ಕಲಾವಿದ ವೃತ್ತದ ನಡುವಿಂದ ಎಡಕ್ಕೆ ವಾಲಿರುವುದು ಅದರಿಂದಲೇ ಇರಬೇಕು. ಮೊದಲೇ ಮೈಯ ಅಂಚಿನವರೆಗೆ ಕ್ರಾಪ್ ಮಾಡಿಕೊಂಡರೆ ಎರಡೂ ತಪ್ಪುತ್ತವೆ.

ಇನ್ನೊಂದು ಸೋಲು ಎರಡೂ ಪುಟಗಳಲ್ಲಿದೆ, ಅದು ಕಂಸಾಳೆಗೇ ಸಂಬಂಧಪಟ್ಟದ್ದು. ಕಂಸಾಳೆಯವನ ಒಂದು ಅಂಗೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ತಾಳ. ಬೀಸು ಕಂಸಾಳೆಯ ಜೀವವೆಲ್ಲ ಆ ದಾರದಲ್ಲಿದೆ. ಹಿನ್ನೆಲೆ ತೆಗೆಯುವ ಯಂತ್ರಕ್ಕೆ ತೆಳ್ಳಗಿನ ದಾರವೂ ಬೀಸಿನಲ್ಲಿ ಮಸುಕಾದ ಕಂಚೂ ಹಿನ್ನೆಲೆಯ ಭಾಗವೆಂದೇ ಕಾಣುತ್ತವೆ. ಇಲ್ಲಿ ದಾರ ಪೂರ್ತಿ ಮಾಯ. ತಾಳ ಕೈಯಿಂದ ಒಂದು ಗೇಣು ಆಚೆ, ಯಾರೋ ಎಸೆದ ತಟ್ಟೆಯ ಹಾಗೆ ನಿಂತಿದೆ. ತಿದ್ದುವ ದಾರಿ ಇದೆ: ಹಿನ್ನೆಲೆ ತೆಗೆಯುವ ಸಾಧನದಲ್ಲೇ `Restore` ಎಂಬ ಕುಂಚವಿದೆ. ಚಿತ್ರವನ್ನು ಹಿಗ್ಗಿಸಿ, ಕುಂಚದ ಗಾತ್ರ ಕುಗ್ಗಿಸಿ, ದಾರ ಇದ್ದ ಜಾಡಿನಲ್ಲಿ ಉಜ್ಜಿದರೆ ಮೂಲ ಫೋಟೋದ ದಾರ ಮರಳುತ್ತದೆ. ಜೊತೆಗೆ ಅಕ್ಕಪಕ್ಕದ ಹಿನ್ನೆಲೆಯೂ ಒಂದಿಷ್ಟು ಬರುತ್ತದೆ, ಅದನ್ನು `Erase` ಕುಂಚದಿಂದ ಒರೆಸಬೇಕು. ಗೆರೆ ಎಳೆದು ದಾರವೆಂದು ತೋರಿಸುವುದನ್ನು ನಾನು ಒಪ್ಪುವುದಿಲ್ಲ; ಎಳೆದ ಗೆರೆ ಎಳೆದದ್ದೆಂದೇ ಕಾಣುತ್ತದೆ. ತಾಳ ಎದೆಯ ಮುಂದೆ ಬಂದ ಕ್ಷಣದ ಫೋಟೋ ಆರಿಸಿಕೊಂಡಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ. ದಾರದ ಹಿಂದೆ ಹಿನ್ನೆಲೆಯ ಬದಲು ಮೈಯೇ ಇರುತ್ತಿತ್ತು.

ಕಟೌಟಿನ ಅಂಚೂ ಸ್ವಚ್ಛವಾಗಿಲ್ಲ. ಭುಜದ ಸುತ್ತ ಸಣ್ಣ ಬಿಳಿ ಎಳೆಯೊಂದು ಹೊಳೆಯುತ್ತದೆ. ಫೋಟೋ ಬೆಳಕಿನ ಗೋಡೆಯ ಮುಂದೆ ತೆಗೆದದ್ದಿರಬೇಕು. ಹಳದಿಯ ಮೇಲೆ ಅದು ಕಾಣದೆ ಕೆಂಪು ವೃತ್ತದ ಮೇಲೆ ಬಂದಾಗ ಎದ್ದು ಕಾಣುತ್ತದೆ. ಕೆಲಸ ಮಾಡುವಾಗ ನೆಲದ ಬಣ್ಣವನ್ನು ಸ್ವಲ್ಪ ಹೊತ್ತು ಕಡು ನೀಲಿ ಮಾಡಿ ನೋಡಿದರೆ ಇಂಥ ಎಳೆಗಳೆಲ್ಲ ಬಯಲಾಗುತ್ತವೆ. ಮುದ್ರಿತ ಎ3 ಹಾಳೆಯಲ್ಲಿ ಮುಖವೂ ತುಸು ಮಸುಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿದಿರುತ್ತದೆ. ಅದನ್ನು ಹಾಳೆಯಲ್ಲಿ 30 ಸೆಂಟಿಮೀಟರಿಗೆ ಎಳೆದರೆ ಇಂಚಿಗೆ 135ರ ಆಸುಪಾಸು. ದೂರದಿಂದ ನೋಡುವ ಫ್ಲೆಕ್ಸಿಗೆ ಇದು ನಡೆಯುತ್ತದೆ, ಕೈಯಲ್ಲಿ ಹಿಡಿಯುವ ಹಾಳೆಗೆ ಸಾಲದು. ಫೋಟೋವನ್ನು ಡಾಕ್ಯುಮೆಂಟಾಗಿ ಕಳಿಸಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಕ್ಯಾನ್ವಾ ಆರಿಸಿಕೊಂಡದ್ದು ಮಾತ್ರ ಒಳ್ಳೆಯ ತೀರ್ಮಾನ. ತಮಿಳು ಊರಿನ ಪ್ರೆಸ್ಸಿನಲ್ಲಿ ಕನ್ನಡ ಫಾಂಟು ಇರುತ್ತದೆಂಬ ನಂಬಿಕೆ ಇಲ್ಲ. ಅಲ್ಲಿ ಮತ್ತೆ ಟೈಪು ಮಾಡಿಸಿದರೆ ಒತ್ತುಗಳ ಗತಿ ದೇವರಿಗೇ ಗೊತ್ತು. ಇಲ್ಲಿ ಯೂನಿಕೋಡಿನಲ್ಲಿ ಬರೆದು, `PDF Print` ಆರಿಸಿ, `Flatten PDF` ಗುರುತು ಹಾಕಿ ಕೊಟ್ಟರೆ ಅಕ್ಷರವೆಲ್ಲ ಚಿತ್ರವಾಗಿ ಹೋಗುತ್ತದೆ. ಪ್ರೆಸ್ಸಿನವರು ಕೋರೆಲ್‌ನಲ್ಲಿ ತೆರೆದರೂ ಒತ್ತು ಒಡೆಯುವುದಿಲ್ಲ. ಹಳೆಯ ನುಡಿ, ಬರಹ ಫಾಂಟುಗಳ ಪಠ್ಯವನ್ನು ನಕಲಿಸಿ ಅಂಟಿಸಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಒಟ್ಟಿನಲ್ಲಿ ತಮಿಳು ಪುಟವನ್ನು ದಾರ ಮತ್ತು ಅಂಚು ತಿದ್ದಿ ಹಾಗೆಯೇ ಇಟ್ಟುಕೊಳ್ಳಬಹುದು. ಕನ್ನಡ ಪುಟವನ್ನು ಈಗಿರುವ ಸ್ಥಿತಿಯಲ್ಲಿ ಗೋಡೆಗೆ ಅಂಟಿಸಬಾರದು. ಅದನ್ನು ಮಾಡಿದವರಲ್ಲಿ ನನ್ನ ಬಿನ್ನಹ ಇಷ್ಟೇ: ಮುಂದಿನ ಯುಗಾದಿಗೆ ಕನ್ನಡ ಪುಟದಿಂದಲೇ ಕೆಲಸ ಶುರು ಮಾಡಿ, ಅದಕ್ಕೆ ಹೊಂದಿದ ತಲೆಯ ಜಾಗವನ್ನೇ ತಮಿಳು ಪುಟಕ್ಕೂ ಕೊಡಿ. ಈ ಹೆಸರಿನ ಮಟ್ಟಿಗೆ ಕನ್ನಡಕ್ಕೆ ಸರಿಹೋದದ್ದು ತಮಿಳಿಗೂ ಸರಿಹೋಗುತ್ತದೆ.